ಗೋಡೆ ಎಷ್ಟೆತ್ತರ ಅನ್ನೋ ಜಗಳಕ್ಕೆ

ಅಕ್ಕಾ,

ಮನೆ ಮುಂದೆ ಕಟ್ಟಿಸಲಿರುವ ಕಾಂಪೌಂಡಿನ, ನೀನು ಕಳಿಸಿದ ಚಿತ್ರ ನೋಡಿದೆ. ಚಿತ್ರ ಚೆನ್ನಾಗಿದೆ, ಅದೇ ಅದರ ತೊಂದರೆ. ಗೋಡೆಯ ಪಕ್ಕದಲ್ಲಿ ಒಂದು ಕಾರು ನಿಲ್ಲಿಸಿ ತೋರಿಸಿದ್ದಾರಲ್ಲ, ಅದರ ಎತ್ತರಕ್ಕೆ ಗೋಡೆಯನ್ನು ಹೋಲಿಸಿ ನೋಡು. ಸಾಮಾನ್ಯ ಕಾರು ಸುಮಾರು 5 ಅಡಿ ಎತ್ತರ ಇರುತ್ತದೆ. ಚಿತ್ರದಲ್ಲಿ ಗೋಡೆ ಕಾರಿನ ಒಂದೂವರೆಯಷ್ಟಿದೆ, ಅಂದರೆ ಏಳೂವರೆ ಅಡಿ. ಭಾವ ಹೇಳಿದ್ದು 6 ಅಡಿ ಅಲ್ವಾ? ಮಿಕ್ಕ ಒಂದೂವರೆ ಅಡಿ ಎಲ್ಲಿಂದ ಬಂತು ಅಂತ ಯೋಚಿಸಿದೆ. ನಮ್ಮ ಅಂಗಳ ರಸ್ತೆಗಿಂತ ಒಂದೂವರೆ ಅಡಿ ಮೇಲಿದೆ. ಚಿತ್ರ ಬರೆದವರು 6 ಅಡಿಯನ್ನು ಒಳಗಿನ ನೆಲದಿಂದ ಅಳೆದಿದ್ದಾರೆ, ನೋಡುವವರು ಮಾತ್ರ ರಸ್ತೆಯಿಂದ ನೋಡುತ್ತಾರೆ. ಮೇಸ್ತ್ರಿ ಹತ್ತಿರ ಎತ್ತರದ ಮಾತು ಬಂದಾಗಲೆಲ್ಲ "ಯಾವ ನೆಲದಿಂದ?" ಅಂತ ಮೊದಲು ಕೇಳಿ. ಚಿತ್ರದ ಮೇಲೆ ಎರಡೂ ಸಂಖ್ಯೆ ಬರೆಸಿ, ರಸ್ತೆ ಕಡೆಯದ್ದು ಒಂದು, ಅಂಗಳದ ಕಡೆಯದ್ದು ಒಂದು.

ಅಪ್ಪ ಎತ್ತರ ಜಾಸ್ತಿ ಬೇಕು ಅನ್ನೋದು ಯಾಕೆ ಅಂತ ಗೊತ್ತು. ರಸ್ತೆಯಲ್ಲಿ ಹೋಗುವವರಿಗೆ ಮನೆ ಒಳಗೆಲ್ಲ ಕಾಣಬಾರದು, ಯಾರೂ ಸುಲಭಕ್ಕೆ ಹತ್ತಬಾರದು. ಎರಡೂ ಸರಿಯೇ. ಆದರೆ ಅದಕ್ಕೆ ಏಳೂವರೆ ಅಡಿ ಗಾರೆ ಗೋಡೆ ಬೇಕಿಲ್ಲ. ನಿಂತ ಮನುಷ್ಯನ ಕಣ್ಣು ನೆಲದಿಂದ ಹೆಚ್ಚು ಕಡಿಮೆ 5 ಅಡಿ ಮೇಲಿರುತ್ತದೆ. ರಸ್ತೆ ಕಡೆಯಿಂದ 5 ಅಡಿ ಗೋಡೆ ಇದ್ದರೆ ದಾರಿಹೋಕರ ನೋಟ ಅಲ್ಲಿಗೇ ನಿಲ್ಲುತ್ತದೆ. ಅದೇ ಗೋಡೆ ಒಳಗಿನಿಂದ ಮೂರೂವರೆ ಅಡಿ ಮಾತ್ರ, ಹಾಗಾಗಿ ಅಂಗಳದಲ್ಲಿ ನಿಂತವರ ತಲೆ, ಎದೆ ಹೊರಗೆ ಕಾಣುತ್ತದೆ. ಆ ಕೊರತೆ ತುಂಬೋದಕ್ಕೆ ಅಮ್ಮ ಕೇಳಿದ ಬೋಗನ್‌ವಿಲ್ಲಾ ಇದೆಯಲ್ಲ! ಗೋಡೆ ಮೇಲೆ ಅದು ಒಂದೂವರೆ ಅಡಿ ಎದ್ದು ನಿಂತರೆ ರಸ್ತೆಯಿಂದ ಒಟ್ಟು ಆರೂವರೆ ಅಡಿ, ಅಂಗಳದಿಂದ 5 ಅಡಿ. ಒಳಗೆ ನಿಂತವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಹೂವಿನ ಸಾಲು ಬರುತ್ತದೆ. ಹತ್ತೋದಕ್ಕೆ ಬಂದವನಿಗೆ ಎರಡು ಅಡಿ ಹೆಚ್ಚಿನ ಗೋಡೆಗಿಂತ ಆ ಮುಳ್ಳೇ ಜಾಸ್ತಿ ಕಷ್ಟ, ಇದನ್ನು ಅಪ್ಪನಿಗೆ ಒತ್ತಿ ಹೇಳು.

ಗಿಡವನ್ನು ಆಮೇಲೆ ಹಾಕುವ ಅಲಂಕಾರ ಅಂತ ಬಿಟ್ಟು ಗೋಡೆಗೇ ಆರೇಳು ಅಡಿ ಕೊಟ್ಟರೆ ಏನಾಗುತ್ತದೆ ಅಂದರೆ, ಗಿಡ ಬೆಳೆದ ಮೇಲೆ ಒಟ್ಟು ಎಂಟೊಂಬತ್ತು ಅಡಿ ಆಗಿ ಮನೆಯ ಕಿಟಕಿಗಳೇ ಮುಚ್ಚಿಹೋಗುತ್ತವೆ. ಹಾಗಾಗಿ ಎತ್ತರದ ಲೆಕ್ಕದಲ್ಲಿ ಗಿಡವನ್ನು ಮೊದಲೇ ಸೇರಿಸಿಕೊಳ್ಳಿ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ, ಸುಮ್ನೆ ಒಂದು ಸಂಜೆ ಪರೀಕ್ಷೆ ಮಾಡಿ. ಗೋಡೆ ಬರುವ ಸಾಲಿನಲ್ಲಿ ನಾಲ್ಕು ಗಳ ನೆಟ್ಟು ರಸ್ತೆಯಿಂದ ಅಳೆದು 5 ಅಡಿಗೆ ಒಂದು ಹಗ್ಗ, ಆರೂವರೆಗೆ ಒಂದು, ಏಳೂವರೆಗೆ ಒಂದು ಕಟ್ಟಿ. ಕೆಳಗಿನ ಹಗ್ಗಕ್ಕೆ ಹಳೇ ಸೀರೆಯೋ ಬೆಡ್‌ಶೀಟೋ ಇಳಿಬಿಡಿ. ಆಮೇಲೆ ಅಪ್ಪ ರಸ್ತೆಯ ಆಚೆ ಬದಿ ನಿಂತು ನೋಡಲಿ, ಅಮ್ಮ ಒಳಗೆ ಕುರ್ಚಿ ಹಾಕಿಕೊಂಡು ಕೂತು ನೋಡಲಿ. ಬಟ್ಟೆಯನ್ನು ಏಳೂವರೆಗೆ ಏರಿಸಿದ ಕೂಡಲೇ ಒಳಗೆ ಎಷ್ಟು ಕತ್ತಲಾಗುತ್ತದೆ ಅಂತ ಅವರೇ ಹೇಳುತ್ತಾರೆ. ಹಾಂ, ಎತ್ತರಕ್ಕೆ ನಿಮ್ಮ ಕಡೆಯ ನಿಯಮ ಏನಿದೆ ಅಂತಲೂ ಕೇಳಿಬಿಡಿ.

ಈಗ ಗೇಟಿಗೆ ಬರುತ್ತೇನೆ. ಇದು ಭಾವನಿಗೆ, ಓದಿ ಹೇಳು.

ಭಾವಾ, ನೀವು 14 ಅಡಿ ಅಗಲ ಕೇಳಿದ್ದೀರಿ. ಮುಂಭಾಗ ಒಟ್ಟು 40 ಅಡಿ. ಕಾರಿನ ಗೇಟು 12, ನಡೆದು ಬರುವವರ ಚಿಕ್ಕ ಗೇಟು ಮೂರೂವರೆ, ಒಂದೂವರೆ ಅಡಿಯ ಮೂರು ಕಂಬ ಸೇರಿ ನಾಲ್ಕೂವರೆ. ಒಟ್ಟು 20. ಉಳಿದ 20 ಅಡಿ ಗೋಡೆ. ಅರ್ಧ ಗೋಡೆ, ಅರ್ಧ ಬಾಗಿಲು. ಇದು ಈಗಲೇ ಗಡಿಯ ಮೇಲಿದೆ. 14 ಮಾಡಿದರೆ ಗೋಡೆ ಗೇಟು, ಕಂಬಗಳಿಗಿಂತ ಕಡಿಮೆಯಾಗಿ ಮನೆಯ ಮುಂಭಾಗ ಗೋದಾಮಿನ ಹಾಗೆ ಕಾಣುತ್ತದೆ. ಕಾರಿಗೆ ಬೇಕಾಗೋದು ಕನ್ನಡಿ ಸೇರಿ ಆರೂವರೆ ಏಳು ಅಡಿ. ನೇರವಾಗಿ ಬರೋದಾದರೆ 10 ಅಡಿ ಸಾಕು, ರಸ್ತೆ ಕಿರಿದಾಗಿದ್ದು ತಿರುಗಿಸಿಕೊಂಡು ಬರಬೇಕಾದರೆ 12 ಹಿತ. ಒಂದು ಎಚ್ಚರಿಕೆ: 12 ಅನ್ನೋದು ಪ್ಲಾಸ್ಟರು, ಕಲ್ಲಿನ ಹೊದಿಕೆ ಎಲ್ಲ ಮುಗಿದ ಮೇಲಿನ ಅಳತೆ ಆಗಿರಬೇಕು. ಹೊದಿಕೆ ಕಲ್ಲು ಎರಡೂ ಕಡೆ ಎರಡೆರಡು ಇಂಚು ತಿನ್ನುತ್ತದೆ, ತೆರೆದ ಕದಗಳ ದಪ್ಪ ಮತ್ತು ಹಿಂಜು ಇನ್ನೂ ಕೆಲವು ಇಂಚು ತಿನ್ನುತ್ತವೆ. ವೆಲ್ಡಿಂಗ್‌ನವರು ಬರಿ ಇಟ್ಟಿಗೆ ಕಂಬದ ಅಳತೆ ತಗೊಂಡು ಹೋದರೆ ಆಮೇಲೆ ಗೇಟು ಕೂರಿಸೋ ದಿನ ಕಂಬ ಕೆತ್ತಬೇಕಾಗುತ್ತದೆ.

ಎತ್ತರ ಗೋಡೆಯಷ್ಟೇ ಇರಲಿ, 5 ಅಡಿ. ಗೇಟಿನ ತಲೆ ಮತ್ತು ಗೋಡೆಯ ತಲೆ ಒಂದೇ ಗೆರೆಯಲ್ಲಿ ಬಂದರೆ ಕಣ್ಣಿಗೆ ಅಡ್ಡಿ ಆಗುವುದಿಲ್ಲ. ಕಂಬ ಮಾತ್ರ ಒಂದು ಅಡಿ ಮೇಲೆ ಹೋಗಲಿ, 6 ಅಡಿ. ಒಂದೂವರೆ ಅಡಿ ದಪ್ಪದ ಕಂಬ 6 ಅಡಿ ಎದ್ದರೆ ಒಂದಕ್ಕೆ ನಾಲ್ಕು, ಗಟ್ಟಿಯಾಗಿ ನಿಂತ ಹಾಗೆ ಕಾಣುತ್ತದೆ. ಒಂಬತ್ತು ಇಂಚಿನ ಕಂಬ ಹಾಕಿದರೆ ಅಷ್ಟು ಅಗಲದ ಗೇಟನ್ನು ಕೋಲಿಗೆ ನೇತುಹಾಕಿದಂತೆ ಇರುತ್ತದೆ. 12 ಅಡಿಗೆ ಎರಡು ಕದ, ಒಂದೊಂದು 6 ಅಡಿ ಅಗಲ, 5 ಅಡಿ ಎತ್ತರ. ನೀವು ಮೆಚ್ಚಿದ ಏಳೂವರೆ ಅಡಿಯ ಗೇಟಿನಲ್ಲಿ ಅದೇ ಕದ ಒಂದೂವರೆ ಪಟ್ಟು ಭಾರ ಆಗುತ್ತದೆ, ಅಷ್ಟೂ ಭಾರ ಹಿಂಜಿಗೆ ಹೋಗುತ್ತದೆ. ಗೇಟು ಇಳಿದಿದೆ ಅಂತ ತಿಳಿಯೋದು ಹೇಗೆ ಗೊತ್ತಾ? ಎರಡು ಕದ ಸೇರುವ ಜಾಗದಲ್ಲಿ ಮೇಲಿನ ಸಂದು ಕಿರಿದಾಗುತ್ತದೆ, ಕೆಳಗಿನದು ಅಗಲವಾಗುತ್ತದೆ, ಚಿಲಕ ಹಾಕೋಕೆ ಕದ ಎತ್ತಿ ಹಿಡಿಯಬೇಕಾಗುತ್ತದೆ. ಎತ್ತರವಾಗಿ ಕಾಣಬೇಕು ಅನ್ನೋ ಆಸೆ ಇದ್ದರೆ ಅಡ್ಡ ಪಟ್ಟಿಗಳ ಬದಲು ನಿಂತ ಸರಳು ಹಾಕಿಸಿ, ಅಷ್ಟಕ್ಕೇ ಎತ್ತರದ ಭಾವನೆ ಬರುತ್ತದೆ.

ಚಿತ್ರದಲ್ಲಿ ಎಲ್ಲರೂ ಮರೆತಿರೋದು ಒಳಗಿನ ಇಳಿಜಾರು. ನೋಡು ಅಕ್ಕಾ, ಗೇಟಿನ ಹತ್ತಿರ ನೆಲ ರಸ್ತೆಯ ಮಟ್ಟ, ಪೋರ್ಟಿಕೋ ಹತ್ತಿರ ಒಂದೂವರೆ ಅಡಿ ಮೇಲೆ, ನಡುವೆ 22 ಅಡಿ. ಚಿತ್ರದಲ್ಲಿ ಗೇಟಿನಿಂದಲೇ ಏರು ಶುರುವಾಗಿದೆ. ಕದ 6 ಅಡಿ ಒಳಕ್ಕೆ ತಿರುಗುತ್ತದಲ್ಲ, ಅಷ್ಟರಲ್ಲಿ ನೆಲ ಸುಮಾರು ಐದು ಇಂಚು ಏರಿರುತ್ತದೆ. ಕದದ ಕೆಳಗೆ ಎರಡು ಇಂಚು ಸಂದು ಬಿಟ್ಟಿದ್ದರೆ ಅರ್ಧ ತೆರೆಯುವ ಮೊದಲೇ ನೆಲಕ್ಕೆ ಉಜ್ಜಿ ನಿಲ್ಲುತ್ತದೆ. ಆಗ ಎಲ್ಲರೂ ಮಾಡೋದು ಕದದ ಕೆಳಭಾಗ ಕತ್ತರಿಸೋದು. ಮುಚ್ಚಿದಾಗ ಕೆಳಗೆ ಅರ್ಧ ಅಡಿ ಕಿಂಡಿ, ಬೀದಿ ನಾಯಿಗೆ ರಾಜಬೀದಿ. ಅದರ ಬದಲು ಗೇಟಿನ ಒಳಗಿನ ಮೊದಲ 7 ಅಡಿಯನ್ನು ಹೆಚ್ಚು ಕಡಿಮೆ ಸಮತಟ್ಟಾಗಿ ಬಿಡಿ, ಮಳೆ ನೀರು ರಸ್ತೆಗೆ ಇಳಿಯೋಕೆ ಒಂದೂವರೆ ಇಂಚು ಓರೆ ಸಾಕು. ಕೆಳಗಿನ ಸಂದು ಎರಡೂವರೆ ಇಂಚು ಇಡಿ. ಉಳಿದ 15 ಅಡಿಯಲ್ಲಿ ಮಿಕ್ಕ ಹದಿನಾರೂವರೆ ಇಂಚು ಏರಿಸಿದರೆ ಹನ್ನೊಂದು ಅಡಿಗೆ ಒಂದು ಅಡಿ ಏರು ಬರುತ್ತದೆ, ಕಾರಿಗೆ ಏನೂ ಕಷ್ಟವಿಲ್ಲ. ಚಿಕ್ಕ ಗೇಟಿನ ದಾರಿಗೆ ಇಳಿಜಾರಿನ ಬದಲು ಆರು ಇಂಚಿನ ಮೂರು ಮೆಟ್ಟಿಲು ಇಟ್ಟುಬಿಡಿ. ಅಪ್ಪನಿಗಾಗಿ ಒಂದು ಕಡೆ ಹಿಡಿಕೆ ಕಂಬಿ ಹಾಕಿಸಿ. ದಾರಿ 4 ಅಡಿ ಇದ್ದರೆ ಇಬ್ಬರು ಜೊತೆಯಲ್ಲಿ ನಡೆಯಬಹುದು.

ತಳ್ಳೋ ಗೇಟು ಹಾಕಿದರೆ ಇಳಿಜಾರಿನ ಗೋಳೇ ಇಲ್ಲ ಅಂತ ವೆಲ್ಡಿಂಗ್‌ನವರು ಹೇಳಬಹುದು, ನಿಜ. ಆದರೆ ಅದು ಸರಿದು ನಿಲ್ಲೋಕೆ ಗೋಡೆಯ ಒಳಬದಿ 12 ಅಡಿಗಿಂತ ಜಾಸ್ತಿ ಖಾಲಿ ಬೇಕು. ಇರೋದೇ 20 ಅಡಿ ಗೋಡೆ. ಅಲ್ಲಿ ಬೋಗನ್‌ವಿಲ್ಲಾ ಹಾಕಿದರೆ ಕೊಂಬೆ ಸಿಕ್ಕಿಕೊಳ್ಳುತ್ತದೆ, ಉದುರಿದ ಹೂವು ಹಳಿಯಲ್ಲಿ ತುಂಬಿಕೊಳ್ಳುತ್ತದೆ. ಗಿಡ ಬೇಕಾ, ತಳ್ಳೋ ಗೇಟು ಬೇಕಾ? ನನ್ನ ವೋಟು ಅಮ್ಮನ ಕಡೆ.

ಗಿಡಕ್ಕೆ ಬಂದರೆ, 20 ಅಡಿಗೆ ಎರಡೇ ಸಾಕು, ಗೋಡೆಯ ಎರಡು ತುದಿಯಿಂದ ಐದೈದು ಅಡಿ ಬಿಟ್ಟು. ಕಂಬಕ್ಕೆ ಅಂಟಿಸಿ ನೆಡಬೇಡಿ, ಮುಳ್ಳಿನ ಕೊಂಬೆ ಚಿಕ್ಕ ಗೇಟಿನ ಚಿಲಕದ ಹತ್ತಿರವೇ ಬರುತ್ತದೆ. ಗೋಡೆಯಿಂದ ಒಂದೂವರೆ ಅಡಿ ಒಳಗೆ ನೆಡಿ. ನೆಡುವಾಗ ಬೇರಿನ ಮಣ್ಣಿನ ಉಂಡೆ ಒಡೆಯದ ಹಾಗೆ ನೋಡಿಕೊಳ್ಳಿ, ಅದರ ಬೇರು ಬಹಳ ನಾಜೂಕು. ಇದು ತಾನಾಗಿ ಗೋಡೆ ಹಿಡಿದು ಹತ್ತುವ ಬಳ್ಳಿ ಅಲ್ಲ, ಮುಳ್ಳನ್ನು ಊರಿಕೊಂಡು ಒರಗುತ್ತದೆ ಅಷ್ಟೇ. ಹಾಗಾಗಿ ಗೋಡೆಯ ತಲೆಗೆ ಕೋಪಿಂಗ್ ಹೊದಿಕೆ ಹಾಕುವಾಗಲೇ ಮೇಲೆ ಒಂದೂವರೆ ಅಡಿ ಕಾಣುವಂತೆ ತೆಳ್ಳಗಿನ ಕಬ್ಬಿಣದ ಗೂಟಗಳನ್ನು ಐದು ಅಡಿಗೊಂದರಂತೆ ಕೂರಿಸಿ, ಎರಡು ಸಾಲು ತಂತಿ ಎಳೆಸಿ. ಮೇಲಿನ ತಂತಿಯೇ ನಮ್ಮ ಆರೂವರೆ ಅಡಿಯ ಗೆರೆ. ಅದನ್ನು ದಾಟಿದ್ದನ್ನು ಪ್ರತಿ ಸಲ ಹೂವು ಮುಗಿದ ಮೇಲೆ ಕತ್ತರಿಸಿದರೆ ಆಯಿತು. ಹೊಸ ಚಿಗುರಿನಲ್ಲೇ ಹೂ ಬಿಡೋದರಿಂದ ಕತ್ತರಿಸಿದರೆ ಹೂವು ಕಡಿಮೆ ಆಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು. ಅಮ್ಮ ದಿನಾ ನೀರು ಹಾಕಿ ಗೊಬ್ಬರ ಸುರಿದರೆ ಬರೀ ಎಲೆ ಬರುತ್ತದೆ, ಬೇರೂರಿದ ಮೇಲೆ ಮಣ್ಣು ಒಣಗಿದಾಗಷ್ಟೇ ಹಾಕಲಿ.

ಚಿತ್ರದಲ್ಲಿ ಕಾರಿನ ಗೇಟಿನ ಮೇಲೆ ಹೂವಿನ ಕಮಾನು ಬರೆದಿದ್ದಾರಲ್ಲ, ಅದು ಬೇಡ. ಮನೆ ಸಾಮಾನಿನ ಲಾರಿ ಬಂದ ದಿನ ಅದು ಇರುವುದಿಲ್ಲ. ಕಮಾನು ಬೇಕೇ ಬೇಕಾದರೆ ಚಿಕ್ಕ ಗೇಟಿನ ಮೇಲೆ 8 ಅಡಿಗೆ ಮಾಡಿಸಿ. ಚಿಗುರು ಒಂದೂವರೆ ಅಡಿ ಜೋತು ಬಿದ್ದರೂ ತಲೆಗೆ, ಕಣ್ಣಿಗೆ ಮುಳ್ಳು ತಾಗುವುದಿಲ್ಲ. ಆ ದಾರಿಗೆ ನುಣುಪು ಟೈಲ್ಸ್ ಹಾಕಬೇಡಿ, ಉದುರಿದ ಹೂವು ಮಳೆಯಲ್ಲಿ ನೆಲಕ್ಕೆ ಅಂಟಿ ಕಾಲು ಜಾರಿಸುತ್ತದೆ. ಒರಟು ಕಲ್ಲೇ ಇರಲಿ.

ಇನ್ನೊಂದು, ಮೇಸ್ತ್ರಿಗೆ. ಒಳಗಿನ ಒಂದೂವರೆ ಅಡಿ ಮಣ್ಣು ಗೋಡೆಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ, ಮಳೆಯಲ್ಲಿ ನೆನೆದಾಗ ಇನ್ನೂ ಜಾಸ್ತಿ. ಅಷ್ಟು ಎತ್ತರದವರೆಗೆ ಗೋಡೆ ಒಂಬತ್ತು ಇಂಚು ದಪ್ಪ ಇರಲಿ, ಅದರ ಮೇಲೆ ನಾಲ್ಕೂವರೆ ಇಂಚು ಕಟ್ಟಿ, ಆದರೆ ಹತ್ತು ಅಡಿಗೊಂದು ಕಂಬ ಬರಲೇಬೇಕು, ಯಾಕೆಂದರೆ ಗಿಡ ದಟ್ಟವಾದ ಮೇಲೆ ಗಾಳಿಯನ್ನು ತಡೆದು ಗೋಡೆಯನ್ನು ಅಲುಗಿಸುತ್ತದೆ. ರಸ್ತೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಐದಾರು ಅಡಿಗೊಂದು ನೀರು ಹೋಗೋ ಪೈಪ್ ತೂತು ಬಿಡಲಿ, ಒಳಬದಿ ಜಲ್ಲಿ ತುಂಬಲಿ. ತೂತು ಬಿಡದ ಗೋಡೆಯಲ್ಲಿ ಮೊದಲು ಹೊರಬದಿ ಪ್ಲಾಸ್ಟರ್ ಒದ್ದೆಯಾಗಿ ಉಬ್ಬುತ್ತದೆ, ಆಮೇಲೆ ಅಡ್ಡ ಬಿರುಕು ಬರುತ್ತದೆ.

ಗಳ ಹಗ್ಗದ ಪರೀಕ್ಷೆ ಮಾಡಿದ ದಿನ ರಸ್ತೆ ಆಚೆಯಿಂದ ಒಂದು ಫೋಟೋ ತೆಗೆದು ಕಳಿಸು, ಅಪ್ಪ ಗೋಡೆ ಸಾಲಿಗೆ ಒತ್ತಿ ನಿಂತಿರಲಿ, ಅವರ ಎತ್ತರದಿಂದ ನಾನು ಉಳಿದದ್ದು ಅಳೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ಗೇಟಿಗೆ ಅಡ್ವಾನ್ಸ್ ಕೊಡಬೇಡಿ.

ನಿನ್ನ ತಮ್ಮ