ನೆಗಡಿ ಇಳಿದ ಮೇಲೆ ನಡುರಾತ್ರಿ ಅಳುವ ಕೂಸು

ತುಮಕೂರು

ಚಿ. ಸೌ. ಮಂಜುಳಾಗೆ ದೊಡ್ಡಮ್ಮನ ಆಶೀರ್ವಾದ.

ಪಾಪುಗೆ ನೆಗಡಿಯಾಗಿ ನಾಲ್ಕು ದಿನವಾಯಿತು, ಹಗಲೆಲ್ಲ ಆಡಿಕೊಂಡಿದ್ದವಳು ರಾತ್ರಿ ಒಂದು ಗಂಟೆಗೆ ಚೀರಿಕೊಂಡು ಎದ್ದಳು ಅಂದೆಯಲ್ಲ, ಕಿವಿನೋವು ಸಾಮಾನ್ಯವಾಗಿ ಹೀಗೇ ಬರುವುದು. ಮೂಗಿನ ಹಿಂಭಾಗದಿಂದ ನಡುಕಿವಿಗೆ ಒಂದು ಸಣ್ಣ ಕೊಳವೆ ಇದೆ. ಚಿಕ್ಕ ಮಕ್ಕಳಲ್ಲಿ ಅದು ಗಿಡ್ಡ, ಕಿರಿದು, ಇಳಿಜಾರೂ ಕಡಿಮೆ. ನೆಗಡಿಗೆ ಅದು ಊದಿ ಮುಚ್ಚಿಕೊಂಡರೆ ಕಿವಿ ತಮಟೆಯ ಹಿಂದೆ ನೀರು ನಿಂತು ಕೀವಾಗುತ್ತದೆ. ಮಲಗಿಸಿದಾಗ ಒತ್ತಡ ಹೆಚ್ಚಿ ನೋವು ಜೋರಾಗುತ್ತದೆ.

ಕಿವಿ ಎಳೆದುಕೊಳ್ಳುವುದೊಂದನ್ನೇ ನಂಬಬೇಡ. ನಿದ್ದೆ ಬಂದಾಗಲೂ, ಹಲ್ಲು ಬರುವಾಗಲೂ ಮಕ್ಕಳು ಕಿವಿ ಎಳೆಯುತ್ತವೆ. ಮಲಗಿಸಿದರೆ ಅಳು ಹೆಚ್ಚಿ, ಹೆಗಲಿಗೆ ಎತ್ತಿಕೊಂಡರೆ ಇಳಿಯುತ್ತದೆಯೇ ನೋಡು. ಹಸಿವಿದ್ದೂ ಎರಡು ಗುಟುಕು ಕುಡಿದು ಬಿಟ್ಟು ಅಳುತ್ತಾಳೆಯೇ? ನುಂಗುವಾಗ ಕಿವಿಯೊಳಗಿನ ಒತ್ತಡ ಏರುಪೇರಾಗುವುದರಿಂದ ಹಾಗೆ. ಇಳಿದಿದ್ದ ಜ್ವರ ಮತ್ತೆ ಬಂದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಅತ್ತೆಯವರು ದೃಷ್ಟಿ ತೆಗೆಯುತ್ತೇನೆ ಅಂದರೆ ತೆಗೆಯಲಿ, ಆದರೆ ಅಲ್ಲಿಗೇ ಸುಮ್ಮನಾಗಬೇಡ.

ಆ ರಾತ್ರಿ ಮೊದಲು ಬೇಕಾದದ್ದು ನೋವು ತಗ್ಗಿಸುವುದು. ಪ್ಯಾರಾಸಿಟಮಾಲ್ ಸಿರಪ್ ಸಾಕು, ಅಳತೆ ಮಾತ್ರ ತೂಕದ ಮೇಲೆ: ಕೆ.ಜಿ.ಗೆ 15 ಮಿಲಿಗ್ರಾಂ. ಪಾಪು 10 ಕೆ.ಜಿ. ಇದ್ದಾಳೆ, ಅಂದರೆ ಒಂದು ಸಲಕ್ಕೆ 150 ಮಿಲಿಗ್ರಾಂ. ಬಾಟಲಿಯ ಮೇಲೆ 5 ಎಂ.ಎಲ್.ಗೆ 125 ಮಿಲಿಗ್ರಾಂ ಅಂತಿದ್ದರೆ 6 ಎಂ.ಎಲ್., 250 ಅಂತಿದ್ದರೆ 3 ಎಂ.ಎಲ್. ಮಾತ್ರ. ಎರಡೂ ಬಾಟಲಿ ನೋಡುವುದಕ್ಕೆ ಒಂದೇ ಥರ ಇರುತ್ತವೆ, ತಪ್ಪಾಗುವುದು ಇಲ್ಲೇ. ಡ್ರಾಪ್ಸ್ ಅದಕ್ಕಿಂತ ಗಟ್ಟಿ, ಅದನ್ನು ಸಿರಪ್ಪಿನ ಅಳತೆಯಲ್ಲಿ ಹಾಕಲೇಬಾರದು. ಅಡುಗೆಮನೆ ಚಮಚ ಬೇಡ, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಅಳೆದು ಕೊಡು. ಆರು ಗಂಟೆಯ ಅಂತರ ಬಿಡು, ದಿನಕ್ಕೆ ನಾಲ್ಕು ಸಲ ಮೀರಬೇಡ. ನೆಗಡಿ ಸಿರಪ್ ಕೊಡುತ್ತಿದ್ದರೆ ಅದರಲ್ಲೂ ಪ್ಯಾರಾಸಿಟಮಾಲ್ ಇದೆಯೇ ಎಂದು ಲೇಬಲ್ ಓದು. ಇದ್ದರೆ ಎರಡೂ ಸೇರಿ ಅಳತೆ ಮೀರುತ್ತದೆ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡಬೇಡ. ಕೀವಿರುವುದು ತಮಟೆಯ ಆಚೆ, ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ. ತಮಟೆ ತೂತಾಗಿದ್ದರೆ ತಲುಪುತ್ತದೆ, ಅದು ಇನ್ನೂ ಕೆಟ್ಟದ್ದು. ಡಾಕ್ಟರು ನೋಡುವಾಗಲೂ ಎಣ್ಣೆ ಅಡ್ಡ ಬರುತ್ತದೆ. ಹಿಂದೆ ತಂದು ಉಳಿದ ಕಿವಿ ಡ್ರಾಪ್ಸ್‌ ಕೂಡ ಬೇಡ.

ಕೆಲವು ಸಲ ಬೆಳಗಿನ ಜಾವಕ್ಕೆ ಅಳು ತಟ್ಟನೆ ನಿಂತು, ಹಾಸಿಗೆಯ ಮೇಲೆ ಹಳದಿ ಕಲೆ ಕಾಣುತ್ತದೆ. ವಾಸಿಯಾಯಿತು ಅಂದುಕೊಳ್ಳಬೇಡ. ತಮಟೆ ಒಡೆದು ಕೀವು ಹೊರಬಂದಿದ್ದಕ್ಕೇ ನೋವು ಇಳಿದಿರುತ್ತದೆ. ಆ ತೂತು ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ, ಆದರೂ ಅವತ್ತೇ ತೋರಿಸು. ಹೊರಗೆ ಬಂದದ್ದನ್ನು ಮಾತ್ರ ಒರೆಸು, ಹತ್ತಿ ತುರುಕಬೇಡ, ಸ್ನಾನದಲ್ಲಿ ಕಿವಿಗೆ ನೀರು ಹೋಗದಂತೆ ನೋಡಿಕೋ.

ಮಧುಗಿರಿ ಆಸ್ಪತ್ರೆಯಲ್ಲಿ ಸರದಿ ಬಂದಾಗ "ರಾತ್ರಿಯೆಲ್ಲ ಅತ್ತಳು" ಅಂದರೆ ಸಾಲದು. ಚೀಟಿ ಬರೆದುಕೊಂಡು ಹೋಗು: ನೆಗಡಿ ಯಾವತ್ತು ಶುರುವಾಯಿತು, ನೋವು ಎಷ್ಟು ಗಂಟೆಗೆ, ಥರ್ಮಾಮೀಟರಿನಲ್ಲಿ ಜ್ವರ ಎಷ್ಟಿತ್ತು, ಯಾವ ಔಷಧ ಎಷ್ಟು ಎಂ.ಎಲ್. ಎಷ್ಟು ಹೊತ್ತಿಗೆ ಕೊಟ್ಟೆ. ಕಿವಿ ಸೋರಿದ್ದರೆ ಯಾವ ಕಡೆ ಎಂದೂ ಬರೆ. ಕಳೆದ ಒಂದು ತಿಂಗಳಲ್ಲಿ ಆಂಟಿಬಯೋಟಿಕ್ ಕುಡಿದಿದ್ದರೆ ಹೆಸರು ಹೇಳಲೇಬೇಕು, ಯಾವುದನ್ನು ಬರೆಯಬೇಕೆಂಬುದು ಅದರ ಮೇಲೆ ಬದಲಾಗುತ್ತದೆ. ಔಷಧಕ್ಕೆ ಮೈಮೇಲೆ ಗಂಧೆ ಎದ್ದಿದ್ದರೆ ಅದನ್ನೂ ಹೇಳು. ತಾಯಿ ಕಾರ್ಡು, ಔಷಧದ ಬಾಟಲಿಗಳು ಚೀಲದಲ್ಲಿರಲಿ.

ಡಾಕ್ಟರು ಎರಡೂ ಕಿವಿಯನ್ನು ಒಳಗೆ ಬೆಳಕು ಬಿಟ್ಟು ನೋಡಬೇಕು, ನೋಡದಿದ್ದರೆ ಕೇಳು. ಪಾಪುಗೆ ಒಂದೂವರೆ ವರ್ಷ. ಈ ವಯಸ್ಸಿನಲ್ಲಿ ಎರಡೂ ಕಿವಿಗೆ ಸೋಂಕಿದ್ದರೆ, ಕಿವಿ ಸೋರಿದ್ದರೆ, ಜ್ವರ 102.2 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ದರೆ ಅಥವಾ ನೋವು ಎರಡು ದಿನ ದಾಟಿದ್ದರೆ ಆಂಟಿಬಯೋಟಿಕ್ ಕೊಡುತ್ತಾರೆ. ಒಂದೇ ಕಿವಿ, ನೋವೂ ಕಡಿಮೆ ಅಂದರೆ ಎರಡು ಮೂರು ದಿನ ಕಾದು ನೋಡೋಣ ಅನ್ನಬಹುದು. ಅದು ಅಸಡ್ಡೆಯಲ್ಲ, ಎಷ್ಟೋ ಸೋಂಕು ತಾನೇ ಇಳಿಯುತ್ತವೆ. ಆದರೆ ಯಾವತ್ತು ಮತ್ತೆ ಬರಬೇಕೆಂದು ಕೇಳಿಕೊಂಡೇ ಬಾ.

ಕಿವಿಯ ಹಿಂದೆ ಊದಿ ಕೆಂಪಾಗಿ ಕಿವಿ ಮುಂದಕ್ಕೆ ತಳ್ಳಿದಂತೆ ಕಂಡರೆ, ಕುತ್ತಿಗೆ ಸೆಟೆದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಎಬ್ಬಿಸಿದರೂ ಏಳದಂತೆ ಮಂಕಾದರೆ ಬೆಳಗಾಗಲಿ ಅಂತ ಕಾಯಬೇಡ. ಅದೇ ಹೊತ್ತಿಗೆ 108ಕ್ಕೆ ಫೋನ್ ಮಾಡು.

ಇವತ್ತೇ ಪಾಪುವಿನ ತೂಕ ನೋಡಿಸಿ, ಅಳತೆಯನ್ನು ಸಿರಪ್ ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆದಿಡು.

ಇಂತಿ,
ನಿನ್ನ ದೊಡ್ಡಮ್ಮ