ಪ್ಯಾನ್ ಪಡೆಯುವ ಮುನ್ನ ಆಧಾರ್ ತೆರೆದು ನೋಡು

ಕೊಪ್ಪಳ

ಚಿರಂಜೀವಿ ಶರಣಬಸವನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಬಳ್ಳಾರಿಯಲ್ಲಿ ಕಾಲೇಜು ಮುಗಿದ ಮೇಲೆ ಸಂಜೆ ಹೊತ್ತು ಕೋಚಿಂಗ್ ಕೇಂದ್ರವೊಂದರಲ್ಲಿ ಗಣಿತ ಹೇಳಿಕೊಡಲು ಒಪ್ಪಿಕೊಂಡಿದ್ದೀಯೆಂದೂ, ಜೂನ್‌ನಿಂದ ತಿಂಗಳಿಗೆ 8,000 ರೂಪಾಯಿ ಕೊಡುವ ಅವರು ಪ್ಯಾನ್ ಸಂಖ್ಯೆ ಕೇಳಿದ್ದಾರೆಂದೂ ಅಣ್ಣ ಫೋನಿನಲ್ಲಿ ತಿಳಿಸಿದ. ಇಷ್ಟು ಸಣ್ಣ ಗಳಿಕೆಗೆ ಪ್ಯಾನ್ ಏಕೆ ಎಂದು ನೀನು ತಡಮಾಡುತ್ತಿರುವೆಯಂತೆ. ಪ್ಯಾನ್ ಪಡೆದ ಮಾತ್ರಕ್ಕೆ ತೆರಿಗೆ ಕಟ್ಟಬೇಕಾಗುವುದಿಲ್ಲ. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 4 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ಆದರೆ ಪ್ಯಾನ್ ಇಲ್ಲದಿದ್ದರೆ ಆಗುವ ನಷ್ಟ ಬೇರೆಯೇ ಇದೆ.

ಕೇಂದ್ರದವರು ನಿನಗೆ ಕೊಡುವುದನ್ನು ಸಂಬಳವೆಂದಲ್ಲ, ವೃತ್ತಿ ಶುಲ್ಕವೆಂದು ಲೆಕ್ಕಕ್ಕೆ ಬರೆಯುತ್ತಾರೆ. ಅಂಥ ಶುಲ್ಕ ವರ್ಷದಲ್ಲಿ 50,000 ದಾಟಿದಾಗ ಅವರು ಮೂಲದಲ್ಲಿಯೇ ತೆರಿಗೆ ಕಡಿಯಬೇಕು. ಡಿಸೆಂಬರ್‌ಗೆ ನಿನ್ನ ಏಳು ತಿಂಗಳ ಮೊತ್ತ 56,000 ಆಗುತ್ತದೆ. ಪ್ಯಾನ್ ಕೊಟ್ಟಿದ್ದರೆ ಅದಕ್ಕೆ ಶೇಕಡಾ 10ರಂತೆ 5,600 ಹೋಗುತ್ತದೆ. ಕೊಟ್ಟಿರದಿದ್ದರೆ ಶೇಕಡಾ 20ರಂತೆ 11,200, ಅಂದರೆ ಆ ತಿಂಗಳ ಪೂರ್ತಿ ಹಣವೂ ಸಾಲದಷ್ಟು. ಅದಕ್ಕಿಂತ ಮುಖ್ಯವಾದದ್ದು, ಕಡಿದ ಹಣ ನಿನ್ನ ಹೆಸರಿನಲ್ಲಿ ಜಮೆಯಾಗುವುದು ಪ್ಯಾನ್ ಮೂಲಕವೇ. ಪ್ಯಾನ್ ಇಲ್ಲದೆ ಕಡಿದರೆ ಆ ಜಮೆ ನಿನ್ನ ಪಟ್ಟಿಯಲ್ಲಿ ಕಾಣುವುದಿಲ್ಲ. ಕೇಂದ್ರದವರು ತಮ್ಮ ವಿವರಪಟ್ಟಿಯನ್ನು ತಿದ್ದಿ ಮತ್ತೆ ಸಲ್ಲಿಸುವವರೆಗೂ ನೀನು ಅವರ ಹಿಂದೆ ಅಲೆಯಬೇಕಾಗುತ್ತದೆ.

ಆದರೂ ಇಂದೇ ಅರ್ಜಿ ಹಾಕಬೇಡ. ಮೊದಲು ನಿನ್ನ ಆಧಾರ್ ತೆಗೆದು ನೋಡು. ಆಧಾರ್ ಆಧಾರಿತ ಇ-ಪ್ಯಾನ್ ಉಚಿತವಾಗಿ, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ, ನಿಜ. ಆದರೆ ಅದು ಹೆಸರು, ಜನ್ಮದಿನಾಂಕ, ಭಾವಚಿತ್ರ ಎಲ್ಲವನ್ನೂ ಆಧಾರ್‌ನಿಂದ ಇದ್ದಂತೆಯೇ ಎತ್ತಿಕೊಳ್ಳುತ್ತದೆ, ಅಲ್ಲಿನ ತಪ್ಪು ಇಲ್ಲಿಗೂ ಬರುತ್ತದೆ. ನಿನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಶರಣಬಸವ ಕೆ’ ಎಂದಿದೆ. ಆಧಾರ್‌ನಲ್ಲಿ ‘ಶರಣಬಸಪ್ಪ ಕವಲೂರ’ ಎಂದು ಬರೆಸಿದ್ದು ನನಗೆ ನೆನಪಿದೆ. ‘ಕೆ’ ಎಂಬುದು ‘ಕವಲೂರ’ ಎಂದು ಬಿಡಿಸಿ ಬಂದರೆ ಅಡ್ಡಿಯಿಲ್ಲ, ಪೂರ್ಣ ಅಡ್ಡಹೆಸರಿರುವುದೇ ಒಳ್ಳೆಯದು. ಆದರೆ ‘ಬಸವ’ ಮತ್ತು ‘ಬಸಪ್ಪ’ ಎಂಬ ವ್ಯತ್ಯಾಸ ಮುಂದೆ ಬ್ಯಾಂಕಿನಲ್ಲಿ, ಉದ್ಯೋಗಕ್ಕೆ ದಾಖಲೆ ಪರಿಶೀಲಿಸುವಾಗ ಪದೇ ಪದೇ ಎದುರಾಗುತ್ತದೆ. ಅಂಕಪಟ್ಟಿಯನ್ನು ಬದಲಿಸುವುದು ಕಷ್ಟ, ಆದ್ದರಿಂದ ಆಧಾರ್ ಅನ್ನೇ ಅದಕ್ಕೆ ಸರಿಹೊಂದಿಸು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ, ಜನ್ಮದಿನಾಂಕವನ್ನು ಒಂದೇ ಬಾರಿ ತಿದ್ದಲು ಅವಕಾಶವಿರುವುದರಿಂದ, ಸೇವಾ ಕೇಂದ್ರದವರು ಪರದೆಯ ಮೇಲೆ ತೋರಿಸುವ ಪ್ರತಿಯೊಂದು ಅಕ್ಷರವನ್ನೂ ನೀನೇ ಓದಿ ಒಪ್ಪಿಗೆ ಕೊಡು. ಜನ್ಮ ವರ್ಷ ಮಾತ್ರ ಇದ್ದು ತಿಂಗಳು, ದಿನ ಇಲ್ಲದಿದ್ದರೆ ಇ-ಪ್ಯಾನ್ ಬರುವುದಿಲ್ಲ. ಮೊಬೈಲ್ ಸಂಖ್ಯೆ ಜೋಡಣೆಯಾಗಿರದಿದ್ದರೂ ಬರುವುದಿಲ್ಲ.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣ ನನ್ನದೇ ಅನುಭವ. ನನ್ನ ಅರ್ಜಿ ತುಂಬಿಕೊಟ್ಟವರು ಅಡ್ಡಹೆಸರಿನ ಕಾಲಮಿನಲ್ಲಿ ನನ್ನ ಸ್ವಂತ ಹೆಸರನ್ನು ಬರೆದುಬಿಟ್ಟರು, ನಾನು ನೋಡದೆ ಸಹಿ ಮಾಡಿದೆ. ಪ್ಯಾನ್‌ನ ಹತ್ತು ಅಕ್ಷರಗಳಲ್ಲಿ ನಾಲ್ಕನೆಯದು ವ್ಯಕ್ತಿಗಳಿಗೆ P, ಐದನೆಯದು ಅಡ್ಡಹೆಸರಿನ ಮೊದಲಕ್ಷರ. ನನ್ನ ಐದನೆಯ ಅಕ್ಷರ ಹೆಸರಿನದ್ದಾಗಿತ್ತು. ಮುಂದೆ ಆಧಾರ್‌ಗೆ ಜೋಡಿಸಲು ಹೋದಾಗ ಹೆಸರು ತಾಳೆಯಾಗದೆ, ತಿದ್ದುಪಡಿ ಅರ್ಜಿ ಹಾಕಿ ವಾರಗಟ್ಟಲೆ ಕಾಯಬೇಕಾಯಿತು. ನಿನ್ನ ಸಂಖ್ಯೆ ಬಂದ ಕೂಡಲೇ ಐದನೆಯ ಅಕ್ಷರ K ಎಂದಿದೆಯೇ ನೋಡು.

ಆಧಾರ್ ಸರಿಯಾದ ಮೇಲೆ incometax.gov.in ತಾಣದಲ್ಲಿ Instant e-PAN ತೆರೆದು, Get New e-PAN ಒತ್ತಿ, ಆಧಾರ್ ಸಂಖ್ಯೆ ಕೊಟ್ಟು, ಮೊಬೈಲ್‌ಗೆ ಬರುವ ಒಟಿಪಿ ನಮೂದಿಸು. ಸಿಗುವ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೋ. ಮತ್ತೆ ಅದೇ ಪುಟದಿಂದ ಇ-ಪ್ಯಾನ್ ಇಳಿಸಿಕೊಳ್ಳಬಹುದು. ಆ ಕಡತದ ಗುಪ್ತಪದ ನಿನ್ನ ಜನ್ಮದಿನಾಂಕದ ಎಂಟು ಅಂಕಿಗಳು. ನೀನು ಚಿಕ್ಕವನಿದ್ದಾಗ ಅಣ್ಣ ಠೇವಣಿಗೆಂದು ನಿನ್ನ ಹೆಸರಿನಲ್ಲಿ ಪ್ಯಾನ್ ಮಾಡಿಸಿದ್ದನೇ ಎಂದು ಮೊದಲೇ ಕೇಳು. ಮಾಡಿಸಿದ್ದರೆ ಹೊಸದಕ್ಕೆ ಅರ್ಜಿ ಹಾಕಬಾರದು, ಅದರಲ್ಲೇ ನಿನ್ನ ಭಾವಚಿತ್ರ, ಸಹಿ ಸೇರಿಸಿ ತಿದ್ದಿಸಬೇಕು. ಎರಡು ಪ್ಯಾನ್ ಇಟ್ಟುಕೊಂಡರೆ 10,000 ರೂಪಾಯಿ ದಂಡ ಬೀಳಬಹುದು.

ಸಂಖ್ಯೆ ಬಂದ ಮೇಲೆ ಕೇಂದ್ರದವರಿಗೆ ಬರಹದಲ್ಲಿ ಕೊಟ್ಟು, ಮಾರ್ಚ್ ಮುಗಿದ ಬಳಿಕ ರಿಟರ್ನ್ ಸಲ್ಲಿಸು. ನಿನ್ನ ಹತ್ತು ತಿಂಗಳ 80,000ಕ್ಕೆ ಕಡಿದ 8,000 ರೂಪಾಯಿ ಪೂರ್ತಿ ಹಿಂದಿರುಗಬೇಕು, ಆದರೆ ಅದು ಬೀಳುವುದು ಪ್ಯಾನ್‌ನ ಹೆಸರಿಗೆ ತಾಳೆಯಾಗುವ ಬ್ಯಾಂಕ್ ಖಾತೆಗೆ ಮಾತ್ರ. ಆದ್ದರಿಂದ ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ಹೆಸರು ನೋಡಿಕೋ, ಅಲ್ಲಿ ಏನು ಬರೆದಿದ್ದಾರೆಂದು ನನಗೆ ಫೋನ್ ಮಾಡಿ ಹೇಳು.

ಇಂತಿ,
ನಿನ್ನ ಕಾಕಾ