ಸಂಪಾದಕೀಯ: ತನ್ನ ಬರಹವನ್ನು ಕಳೆದುಕೊಂಡ ಶೀರ್ಷಿಕೆ

ಈ ರಾಜ್ಯೋತ್ಸವ ಸಂಚಿಕೆಯ ಕಡೆಯ ಪುಟದ ಕರಡನ್ನು ಮೊನ್ನೆ ರಾತ್ರಿ ಮುದ್ರಿಸಿ ಊಟದ ಮೇಜಿನ ಮೇಲೆ ಇಟ್ಟಿದ್ದೆ. ನಮ್ಮ ಕನ್ನಡ ತರಗತಿಯಲ್ಲಿ ಈಗಷ್ಟೇ ಒತ್ತಕ್ಷರ ಮುಗಿಸಿರುವ ಮಗಳು ಬೆರಳಿಟ್ಟು ಓದುತ್ತಾ ಬಂದು, ಎಡಗಡೆಯ ಕಾಲಮ್ಮಿನ ತಳದಲ್ಲಿ ನಿಂತುಬಿಟ್ಟಳು. "ಅಮ್ಮಾ, ನಮ್ಮ ಕ್ಲಾಸಿನ ಹೆಸರು ಇಲ್ಲಿದೆ, ಕ್ಲಾಸ್ ಎಲ್ಲಿ?" ಎಂದಳು. 'ಮಕ್ಕಳ ಕನ್ನಡ ತರಗತಿ' ಎಂಬ ಶೀರ್ಷಿಕೆ ಕಾಲಮ್ಮಿನ ಕೊನೆಯಲ್ಲಿ ಒಂಟಿಯಾಗಿತ್ತು. ಅದರ ವಿವರ ಬಲಗಡೆಯ ಕಾಲಮ್ಮಿನ ತಲೆಯಲ್ಲಿ, ಯಾವುದೋ ಬೇರೆ ಸುದ್ದಿಯಂತೆ ಆರಂಭವಾಗಿತ್ತು.

ಆ ತಪ್ಪು ಇನ್ನೊಂದು ತಪ್ಪನ್ನು ತಿದ್ದುವಾಗ ಹುಟ್ಟಿದ್ದು. ಪುಟ ಕಟ್ಟಿಕೊಡುತ್ತಿದ್ದ ಸ್ನೇಹಿತರು ಬೇಸಿಗೆಯಲ್ಲಿ ಮೈಸೂರಿಗೆ ಮರಳಿದ ಮೇಲೆ ವರ್ಡ್ ಕಡತ ನನ್ನ ಕೈಗೆ ಬಂದಿದೆ. ಕಡೆಯ ಪುಟದ 57 ಸಾಲುಗಳಲ್ಲಿ 46 ಎಡಗಡೆಯಲ್ಲಿ ತುಂಬಿಕೊಂಡು, ಬಲಗಡೆ 11 ಮಾತ್ರ ಉಳಿದಿದ್ದವು. ವರ್ಡ್ ಮೊದಲ ಕಾಲಮ್ಮನ್ನು ತಳದವರೆಗೆ ತುಂಬಿಸಿದ ನಂತರವೇ ಎರಡನೆಯದಕ್ಕೆ ಹೋಗುತ್ತದೆ. ಕಡತ ಮುಗಿಯಿತೆಂಬ ಕಾರಣಕ್ಕೆ ಉಳಿದದ್ದನ್ನು ಸಮನಾಗಿ ಹಂಚುವುದಿಲ್ಲ. ಹಿಂದಿನ ಸಂಚಿಕೆಗಳಲ್ಲಿ ನಡುವೆ ಕೈಯಿಂದಲೇ Column ಬ್ರೇಕ್ ಹಾಕಿ ಸಮ ಮಾಡುತ್ತಿದ್ದೆವು. ಆದರೆ ಕೊನೆಯ ಗಳಿಗೆಯಲ್ಲಿ ಒಂದು ಪ್ರಕಟಣೆ ಸೇರಿದರೂ ಆ ಲೆಕ್ಕ ಕೆಡುತ್ತಿತ್ತು, ಮತ್ತು ನಮ್ಮಲ್ಲಿ ಪ್ರಕಟಣೆಗಳು ಕೊನೆಯ ಗಳಿಗೆಯಲ್ಲೇ ಬರುತ್ತವೆ. ಈ ಸಲ ಆ ಬ್ರೇಕನ್ನು ಹಾಕದೆ, ಬರಹದ ಕಟ್ಟಕಡೆಯ ಅಕ್ಷರದ ನಂತರ Layout ಪಟ್ಟಿಯ Breaks ಒಳಗಿನ Continuous ಎಂಬುದನ್ನು ಸೇರಿಸಿದೆ. ಅದರ ಪಕ್ಕದಲ್ಲೇ ಇರುವ Next Page ಎಂಬುದನ್ನು ಆರಿಸಿದರೆ ಕಾಲಮ್ಮುಗಳು ಸಮವಾಗುವುದಿಲ್ಲ. ಈಗ ಎಡಗಡೆ 29, ಬಲಗಡೆ 28 ಸಾಲುಗಳಾದವು. ಎಡಗಡೆಯ 28ನೆಯ ಸಾಲೇ ಮಗಳ ತರಗತಿಯ ಶೀರ್ಷಿಕೆ.

ಸಾಗರದಲ್ಲಿ ನಮ್ಮ ಚಿಕ್ಕಪ್ಪನ ಮುದ್ರಣಾಲಯವಿತ್ತು. ರಜೆಯಲ್ಲಿ ಅಲ್ಲಿ ಕುಳಿತು, ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರ ಕೈಯನ್ನೇ ನೋಡುತ್ತಿದ್ದೆ. ಸುದ್ದಿಯನ್ನೆಲ್ಲ ಗ್ಯಾಲಿ ಎಂಬ ಉದ್ದನೆಯ ತಟ್ಟೆಯಲ್ಲಿ ಒಂದೇ ಕಾಲಮ್ಮಾಗಿ ಜೋಡಿಸಿದ ಮೇಲೆ ಅವರು ಅದರ ಉದ್ದಕ್ಕೂ ಒಂದು ದಾರ ಹಿಡಿದು, ಆ ದಾರವನ್ನು ಎರಡಾಗಿ ಮಡಿಸಿ, ಮಡಿಕೆ ಬಿದ್ದಲ್ಲಿ ಬೆರಳಿಡುತ್ತಿದ್ದರು. ಅಲ್ಲೇ ಶೀರ್ಷಿಕೆ ಸಿಕ್ಕಿದರೆ ಅದನ್ನು ಎಂದೂ ತಳದಲ್ಲಿ ಬಿಡುತ್ತಿರಲಿಲ್ಲ. ಅದರ ಕೆಳಗಿನ ಸಾಲುಗಳ ಜೊತೆಗೆ ಎತ್ತಿ ಮುಂದಿನ ಕಾಲಮ್ಮಿನ ತಲೆಗೆ ಇಟ್ಟು, ಗಿಡ್ಡವಾದ ಕಾಲಮ್ಮಿನ ಸಾಲುಗಳ ನಡುವೆ ಸೀಸದ ತೆಳು ಪಟ್ಟಿಗಳನ್ನು ತೂರಿಸಿ ಎತ್ತರ ಸರಿದೂಗಿಸುತ್ತಿದ್ದರು. ಶೀರ್ಷಿಕೆಯೂ ಅದರ ಬರಹವೂ ಅವರ ಎರಡು ಅಂಗೈಗಳ ನಡುವೆ ಒಂದೇ ಇಟ್ಟಿಗೆಯಂತೆ ಸಾಗುತ್ತಿದ್ದ ಆ ನೋಟವೇ ಮೊನ್ನೆ ರಾತ್ರಿ ನನಗೆ ದಾರಿ ತೋರಿಸಿತು.

ಶೀರ್ಷಿಕೆಯನ್ನು ಕೆಳಗಿನ ಬರಹಕ್ಕೆ ಕಟ್ಟುವ ದಾರ ವರ್ಡ್‌ನಲ್ಲಿಯೂ ಇದೆ. Paragraph ಪೆಟ್ಟಿಗೆಯ Line and Page Breaks ಪುಟದಲ್ಲಿರುವ Keep with next ಅದು. Heading 1 ಮುಂತಾದ ಸಿದ್ಧ ಶೈಲಿಗಳಲ್ಲಿ ಅದು ಮೊದಲೇ ಇರುತ್ತದೆ; ನಾವು ಸಾಮಾನ್ಯ ಸಾಲನ್ನೇ ದಪ್ಪ ಅಕ್ಷರ ಮಾಡಿ ಶೀರ್ಷಿಕೆ ಎನ್ನುತ್ತಾ ಬಂದದ್ದರಿಂದ ನಮ್ಮ ಕಡತದಲ್ಲಿ ಇರಲಿಲ್ಲ. ಗುರುತು ಹಾಕಿದೆ. ಶೀರ್ಷಿಕೆ ಕದಲಲಿಲ್ಲ.

ಅರ್ಧ ಗಂಟೆಯ ನಂತರ, ಕಣ್ಣಿಗೆ ಕಾಣದ ಗುರುತುಗಳನ್ನು ತೋರಿಸುವ ¶ ಗುಂಡಿಯನ್ನು ಒತ್ತಿದಾಗ ಕಾರಣ ಕಂಡಿತು. ಶೀರ್ಷಿಕೆಯ ಕೆಳಗೆ ಜಾಗ ಬಿಡಲೆಂದು ಯಾರೋ ಒಮ್ಮೆ ಎಂಟರ್ ಒತ್ತಿದ್ದರು. ಆ ಖಾಲಿ ಸಾಲೂ ವರ್ಡ್‌ನ ಪಾಲಿಗೆ ಒಂದು ಪ್ಯಾರಾವೇ ಆದುದರಿಂದ ಶೀರ್ಷಿಕೆ ಬರಹಕ್ಕಲ್ಲ, ಆ ಖಾಲಿ ಸಾಲಿಗೆ ಕಟ್ಟಿಕೊಂಡು ಎಡಗಡೆಯಲ್ಲೇ ಉಳಿದಿತ್ತು. ಖಾಲಿ ಸಾಲನ್ನು ಅಳಿಸಿ, ಬೇಕಾದ ಅಂತರವನ್ನು ಶೀರ್ಷಿಕೆಯ Spacing After ಮನೆಯಲ್ಲಿ 6 ಪಾಯಿಂಟ್ ಎಂದು ಕೊಟ್ಟೆ. ಕೂಡಲೇ ಶೀರ್ಷಿಕೆ ಬಲಗಡೆಯ ತಲೆಗೆ ಹೋಯಿತು; ಎಡಗಡೆ 27, ಬಲಗಡೆ 29 ಸಾಲುಗಳಾದವು. ಎರಡು ಸಾಲುಗಳ ಈ ವ್ಯತ್ಯಾಸವನ್ನು ಹಾಗೆಯೇ ಬಿಟ್ಟಿದ್ದೇನೆ. ಶೀರ್ಷಿಕೆಯನ್ನು ಬರಹದಿಂದ ಬೇರ್ಪಡಿಸಿ ಸಾಧಿಸುವ ಸಮಾನತೆ ನನಗೆ ಬೇಡ.

ಒಂದು ವಿನಂತಿಯಿದೆ. ಪ್ರಕಟಣೆ ಕಳುಹಿಸುವವರು ಎಂಟರ್ ಒತ್ತಿ ಶೀರ್ಷಿಕೆಯನ್ನು ಕೆಳಗೆ ತಳ್ಳಬೇಡಿ; ಮೇಲೆ ನಾಲ್ಕು ಸಾಲು ಸೇರಿದ ದಿನ ಆ ಖಾಲಿ ಸಾಲುಗಳೇ ಕಾಲಮ್ಮಿನ ನಡುವೆ ಹೊಂಡವಾಗಿ ಕಾಣುತ್ತವೆ.

ಆ ಕಡೆಯ ಪುಟದಲ್ಲಿರುವುದು ಇಷ್ಟು: ರಾಜ್ಯೋತ್ಸವ ನವೆಂಬರ್ ಎರಡನೆಯ ಶನಿವಾರ ಸಂಜೆ 4ಕ್ಕೆ, ತಟ್ಟೆ ಲೋಟ ಮನೆಯಿಂದಲೇ ತನ್ನಿ, ನಾಡಗೀತೆಯ ಅಭ್ಯಾಸ ಹಿಂದಿನ ಎರಡು ಭಾನುವಾರ, ಮಕ್ಕಳ ತರಗತಿ ಎಂದಿನಂತೆ ಶನಿವಾರ ಬೆಳಿಗ್ಗೆ 10ಕ್ಕೆ, ಬಲಗಡೆಯ ಕಾಲಮ್ಮಿನ ತಲೆಯಲ್ಲಿ ಅದರ ಶೀರ್ಷಿಕೆಯ ಕೆಳಗೇ ವಿವರವಿದೆ. ಯುಗಾದಿ ಸಂಚಿಕೆಯ ಪುಟ ಕಟ್ಟಲು ನನ್ನ ಜೊತೆ ಇನ್ನೊಬ್ಬರು ಕುಳಿತರೆ ಬಹಳ ಉಪಕಾರವಾಗುತ್ತದೆ. ಎರಡು ಸಂಜೆಗಳ ಕೆಲಸ. ಕಡತವನ್ನೂ ಮೇಲೆ ಹೇಳಿದ್ದನ್ನೂ ನಾನೇ ತೋರಿಸಿಕೊಡುತ್ತೇನೆ.